ಕಿರುಪರದೆಯ ಮೇಲೆ ಸಸ್ವರ ಮಂತ್ರಪಾಠ: ಕನ್ನಡ ಅಕ್ಷರಶೈಲಿ, ಗಾತ್ರ ಮತ್ತು ವರ್ಣಗಳ ಆಯ್ಕೆ

ಕನ್ನಡ ಲಿಪಿಯಲ್ಲಿ ವೇದಮಂತ್ರಗಳನ್ನು ಸ್ವರಚಿಹ್ನೆಗಳೊಡನೆ ಅಚ್ಚುಮಾಡುವ ಪರಂಪರೆ ದೀರ್ಘವಾದುದು. ಮೊಳೆ ಜೋಡಿಸುವವರು ಸ್ವರಗಳಿಗೆಂದೇ ಪ್ರತ್ಯೇಕ ಮೊಳೆಗಳನ್ನು ಇರಿಸಿಕೊಂಡು, ಸಾಲುಗಳ ನಡುವೆ ಸೀಸದ ಪಟ್ಟಿಗಳನ್ನು ಸೇರಿಸಿ, ಅಕ್ಷರದ ಮೇಲೂ ಕೆಳಗೂ ಬೇಕಾದಷ್ಟು ಜಾಗವನ್ನು ಬಿಡುತ್ತಿದ್ದರು. ಆ ಪುಟಗಳಲ್ಲಿದ್ದ ಪಾಠವೇ ಇಂದು ಅಂಗೈಯಗಲದ ಫೋನಿನ ಪರದೆಗೆ ಬಂದಿದೆ. ಪರದೆಗೆ ಬಂದಾಗ ಪಾಠ ಬದಲಾಗುವುದಿಲ್ಲ. ಆದರೆ ಅದನ್ನು ಹೊತ್ತು ನಿಂತಿದ್ದ ಜಾಗ, ಗೆರೆಯ ದಪ್ಪ, ಶಾಯಿಯ ಕಪ್ಪು ಇವೆಲ್ಲವೂ ಬದಲಾಗುತ್ತವೆ. ಈ ಬದಲಾವಣೆಯಲ್ಲಿ ಯಾವ ಅಂಶಗಳು ನಷ್ಟವಾಗುತ್ತವೆ, ಅವನ್ನು ಉಳಿಸಿಕೊಳ್ಳಲು ಅಕ್ಷರಶೈಲಿ, ಗಾತ್ರ ಮತ್ತು ವರ್ಣಗಳನ್ನು ಹೇಗೆ ಆರಿಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಚರ್ಚೆಗೆ ಒಂದು ನೆಲೆ ಬೇಕಾದುದರಿಂದ, ಮೃತ್ಯುಂಜಯ ಮಂತ್ರವೆಂದು ಪ್ರಸಿದ್ಧವಾದ ಋಗ್ವೇದದ 7ನೆಯ ಮಂಡಲ, 59ನೆಯ ಸೂಕ್ತದ 12ನೆಯ ಮಂತ್ರದ ಕೆಲವು ಪದಗಳನ್ನು ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ.

ಓದುವ ಪಠ್ಯ ಮತ್ತು ಪಠಿಸುವ ಪಠ್ಯ

ವೃತ್ತಪತ್ರಿಕೆಯ ವರದಿಯನ್ನೋ ಕಥೆಯನ್ನೋ ಓದುವವನು ಅಕ್ಷರಗಳನ್ನು ಒಂದೊಂದಾಗಿ ಬಿಡಿಸುವುದಿಲ್ಲ. ಪದದ ಒಟ್ಟು ಆಕಾರ ಮತ್ತು ಸಂದರ್ಭಗಳಿಂದ ಅರ್ಥವನ್ನು ಹಿಡಿದು ಮುಂದೆ ಸಾಗುತ್ತಾನೆ. ‘ಧನ’ ಎಂಬಲ್ಲಿ ಧಕಾರದ ಕೆಳಗಿನ ಸೀಳುಗೆರೆ ಮಸುಕಾಗಿದ್ದರೂ ವಾಕ್ಯದ ಬಲದಿಂದ ಅದು ‘ದನ’ವಲ್ಲವೆಂದು ತಿಳಿಯುತ್ತದೆ. ಮಂತ್ರಪಾಠದಲ್ಲಿ ಈ ಆಸರೆ ಇಲ್ಲ. ಪಠಿಸುವವರಲ್ಲಿ ಬಹುಮಂದಿಗೆ ಸಂಸ್ಕೃತದ ಅರ್ಥ ತಿಳಿದಿರುವುದಿಲ್ಲ. ತಿಳಿದಿದ್ದರೂ ವೈದಿಕ ಪದರೂಪಗಳು ಲೌಕಿಕ ಸಂಸ್ಕೃತಕ್ಕಿಂತ ಭಿನ್ನವಾಗಿರುತ್ತವೆ. ಕಣ್ಣಿಗೆ ಕಂಡದ್ದೇ ನಾಲಗೆಗೆ ಬರುತ್ತದೆ. ಹ್ರಸ್ವ ದೀರ್ಘಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಅನುಸ್ವಾರ ವಿಸರ್ಗಗಳು ಮತ್ತು ಸ್ವರಚಿಹ್ನೆಗಳು, ಈ ನಾಲ್ಕೂ ಅಕ್ಷರದ ಅತಿ ಸಣ್ಣ ಅವಯವಗಳ ಮೇಲೆ ನಿಂತಿವೆ. ಪರದೆ ಕಿರಿದಾದಂತೆ ಮೊದಲು ಅಳಿಯುವುವೂ ಇವೇ.

ಸ್ವರದೋಷವನ್ನು ಪರಂಪರೆ ಎಷ್ಟು ಗಂಭೀರವಾಗಿ ಕಂಡಿದೆ ಎಂಬುದಕ್ಕೆ ಪತಂಜಲಿಯ ಮಹಾಭಾಷ್ಯದ ಆರಂಭದಲ್ಲಿಯೇ ಉಲ್ಲೇಖಗೊಂಡಿರುವ ‘ಇಂದ್ರಶತ್ರು’ವಿನ ಪ್ರಸಂಗ ಸಾಕ್ಷಿ. ಆ ಪದದ ಕೊನೆಯಲ್ಲಿ ಉದಾತ್ತವಿದ್ದರೆ ಅದು ತತ್ಪುರುಷ. ಇಂದ್ರನನ್ನು ಕೊಲ್ಲುವವನು ಎಂದರ್ಥ. ಆದಿಯಲ್ಲಿ ಉದಾತ್ತವಿದ್ದರೆ ಬಹುವ್ರೀಹಿ; ಇಂದ್ರನೇ ಯಾರನ್ನು ಕೊಲ್ಲುವನೋ ಅವನು ಎಂದರ್ಥ. ಅಕ್ಷರಗಳೆಲ್ಲ ಒಂದೇ, ಬರಹದಲ್ಲಿ ವ್ಯತ್ಯಾಸವನ್ನು ತೋರುವುದು ಒಂದು ಅಡ್ಡಗೆರೆ ಮತ್ತು ಒಂದು ಲಂಬಗೆರೆ. ಈ ಗೆರೆಗಳು ಪರದೆಯ ಮೇಲೆ ತಮ್ಮ ಸ್ಥಾನದಲ್ಲಿ ಕಾಣಿಸುತ್ತವೆಯೇ ಎಂಬುದು ಆದ್ದರಿಂದ ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಮೂರು ಅಂತಸ್ತಿನ ಅಕ್ಷರ

ಕನ್ನಡ ಅಕ್ಷರವನ್ನು ಮೂರು ಅಂತಸ್ತುಗಳಾಗಿ ಕಲ್ಪಿಸಿಕೊಂಡರೆ ಮುಂದಿನ ವಿವೇಚನೆ ಸುಲಭವಾಗುತ್ತದೆ. ನಡುವಿನ ಅಂತಸ್ತಿನಲ್ಲಿ ಮೂಲ ವ್ಯಂಜನವಿದೆ. ಮೇಲಿನ ಅಂತಸ್ತಿನಲ್ಲಿ ತಲೆಕಟ್ಟು, ಗುಡಿಸು, ಏತ್ವ ಮೊದಲಾದುವು ಇರುತ್ತವೆ. ಕೆಳಗಿನ ಅಂತಸ್ತು ಒತ್ತಕ್ಷರಗಳದು. ಸ್ವರರಹಿತ ಪಠ್ಯದಲ್ಲಿ ಇಷ್ಟೇ. ಸಸ್ವರ ಪಠ್ಯದಲ್ಲಿ ಮೇಲಿನ ಅಂತಸ್ತಿನ ಮೇಲೆ ಸ್ವರಿತದ ಲಂಬಗೆರೆ, ಕೆಳಗಿನ ಅಂತಸ್ತಿನ ಕೆಳಗೆ ಅನುದಾತ್ತದ ಅಡ್ಡಗೆರೆ ಸೇರುತ್ತವೆ, ಉದಾತ್ತಕ್ಕೆ ಗುರುತಿಲ್ಲ. ದೇವನಾಗರಿಯಲ್ಲಿ ಸಂಯುಕ್ತಾಕ್ಷರದ ಬಹುಭಾಗ ಅಡ್ಡವಾಗಿ ಹರಡಿಕೊಳ್ಳುವುದರಿಂದ ಅಡ್ಡಗೆರೆಗೆ ಜಾಗ ತಾನಾಗಿ ಸಿಗುತ್ತದೆ. ಕನ್ನಡದಲ್ಲಿ ಒತ್ತು ಕೆಳಕ್ಕೆ ಇಳಿಯುವುದರಿಂದ ಒತ್ತಿಗೂ ಅನುದಾತ್ತಕ್ಕೂ ಒಂದೇ ಜಾಗಕ್ಕಾಗಿ ಪೈಪೋಟಿ ಏರ್ಪಡುತ್ತದೆ.

ಆರಿಸಿಕೊಂಡ ಮಂತ್ರದ ‘ಪುಷ್ಟಿ॒ವರ್ಧ॑ನಂ’ ಎಂಬ ಒಂದೇ ಪದದಲ್ಲಿ ಎರಡು ತೊಡಕುಗಳೂ ಕಾಣಸಿಗುತ್ತವೆ. ‘ಷ್ಟಿ’ಯಲ್ಲಿ ಷಕಾರದ ಕೆಳಗೆ ಟಕಾರದ ಒತ್ತು ಇದೆ, ಅದೇ ಅಕ್ಷರಕ್ಕೆ ಅನುದಾತ್ತವೂ ಬೇಕು. ಗೆರೆಯು ಒತ್ತಿನ ಕೆಳಗೆ ಇಳಿಯಬೇಕು. ಹಾಗೆ ಇಳಿಯುವ ಏರ್ಪಾಡು ಅಕ್ಷರಶೈಲಿಯಲ್ಲಿ ಇಲ್ಲದಿದ್ದರೆ ಅದು ಒತ್ತಿನ ಮೇಲೆಯೇ ಹಾದುಹೋಗಿ, ಒತ್ತು ಟಕಾರವೋ ಠಕಾರವೋ ತಿಳಿಯದಾಗುತ್ತದೆ. ‘ರ್ಧ’ದ ತೊಡಕು ಬೇರೆ ಬಗೆಯದು. ಇಲ್ಲಿ ಮೊದಲು ಉಚ್ಚರಿಸುವ ರೇಫವು ಅರ್ಕಾವೊತ್ತಾಗಿ ಧಕಾರದ ಬಲಕ್ಕೆ ನಿಲ್ಲುತ್ತದೆ. ಸ್ವರಿತವು ಧಕಾರದ ನೆತ್ತಿಯ ಮೇಲೆ ಬರಬೇಕು. ಆದರೆ ಕೆಲವು ಅಕ್ಷರಶೈಲಿಗಳಲ್ಲಿ ಅದು ಇಡೀ ಗುಚ್ಛದ ಕೊನೆಗೆ, ಅಂದರೆ ಅರ್ಕಾವೊತ್ತಿನ ಮೇಲೆ ಹೋಗಿ ಕೂರುತ್ತದೆ. ಓದುವವನಿಗೆ ಅದು ಮುಂದಿನ ನಕಾರದ ಸ್ವರವೆಂಬಂತೆ ಭಾಸವಾಗುವ ಸಂಭವವಿದೆ.

ಅರ್ಕಾವೊತ್ತಿನ ಬದಲಿಗೆ ರಕಾರವನ್ನು ಮೇಲಿಟ್ಟು ಧಕಾರವನ್ನು ಒತ್ತಾಗಿ ಬರೆಯುವ ರೂಪವೂ (ರ‍್ಧ) ಕನ್ನಡದಲ್ಲಿದೆ. ಯೂನಿಕೋಡ್ ಪಠ್ಯದಲ್ಲಿ ರಕಾರ ಮತ್ತು ಹಲಂತಗಳ ನಡುವೆ `U+200D` ಎಂಬ ಅದೃಶ್ಯ ಸಂಧಾಯಕವನ್ನು ಇರಿಸಿದರೆ ಈ ರೂಪ ದೊರೆಯುತ್ತದೆ. ಇದರಲ್ಲಿ ಬರಹದ ಕ್ರಮವೂ ಉಚ್ಚಾರದ ಕ್ರಮವೂ ಒಂದೇ ಆಗುವ ಅನುಕೂಲವಿದೆ. ಆದರೆ ಒತ್ತು ಕೆಳಗಿಳಿಯುವುದರಿಂದ, ಅನುದಾತ್ತವಿರುವ ಕಡೆ ಹಿಂದೆ ಹೇಳಿದ ಪೈಪೋಟಿ ಮರಳಿ ಬರುತ್ತದೆ. ‘ಉರ್ವಾರುಕ’ ಎಂಬ ಪದದಲ್ಲಿ ‘ರ್ವಾ’ ಅನುದಾತ್ತವುಳ್ಳದ್ದು. ಅಲ್ಲಿ ಅರ್ಕಾವೊತ್ತಿನ ರೂಪವೇ ಕಿರುಪರದೆಗೆ ಹಿತ. ಒಂದು ಪಾಠದಲ್ಲಿ ಎರಡು ರೂಪಗಳನ್ನೂ ಬೆರೆಸುವುದು ಓದುಗನನ್ನು ಗೊಂದಲಕ್ಕೆ ಈಡುಮಾಡುವುದರಿಂದ, ಇಡೀ ಪಾಠಕ್ಕೆ ಅರ್ಕಾವೊತ್ತನ್ನೇ ಉಳಿಸಿಕೊಳ್ಳುವುದು ಯುಕ್ತವೆನಿಸುತ್ತದೆ.

ಸಂಕೇತಗಳ ಶುದ್ಧಿ

ಅಕ್ಷರಶೈಲಿಯ ಆಯ್ಕೆಗೆ ಮೊದಲು ಪಠ್ಯದೊಳಗಿನ ಸಂಕೇತಗಳು ಸರಿಯಾಗಿರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ `U+0C80` ರಿಂದ `U+0CFF` ವರೆಗಿನ ಸ್ಥಾನಗಳಿವೆ. ಆದರೆ ವೈದಿಕ ಸ್ವರಗಳಿಗೆ ಕನ್ನಡದಲ್ಲಿ ಪ್ರತ್ಯೇಕ ಸ್ಥಾನಗಳಿಲ್ಲ. ದೇವನಾಗರಿ ವಿಭಾಗದಲ್ಲಿರುವ `U+0951` ಮತ್ತು `U+0952` ಎಂಬುವನ್ನೇ ಕನ್ನಡವೂ ಬಳಸಿಕೊಳ್ಳಬೇಕು. ಇವುಗಳಲ್ಲಿ ಮೊದಲನೆಯದಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಉದಾತ್ತ’ವೆಂಬ ಹೆಸರಿದ್ದರೂ ಋಗ್ವೇದ ಮತ್ತು ತೈತ್ತಿರೀಯ ಪಾಠಗಳಲ್ಲಿ ಅದು ಸೂಚಿಸುವುದು ಸ್ವರಿತವನ್ನು. ಹೆಸರನ್ನು ನಂಬಿ ಉದಾತ್ತಾಕ್ಷರಗಳ ಮೇಲೆ ಅದನ್ನಿಟ್ಟರೆ ಇಡೀ ಪಾಠ ಕೆಡುತ್ತದೆ. ತೈತ್ತಿರೀಯ ಪಾಠಗಳಲ್ಲಿ ಬರುವ ದೀರ್ಘಸ್ವರಿತದ ಜೋಡಿ ಗೆರೆಗೆ `U+1CDA` ಎಂಬ ಸ್ಥಾನ 2009ರ ಯೂನಿಕೋಡ್ 5.2ನೆಯ ಆವೃತ್ತಿಯಲ್ಲಿ ದೊರೆತಿದೆ.

ಚಿಹ್ನೆಗಳ ಅನುಕ್ರಮವೂ ಮುಖ್ಯ. ಅನುಸ್ವಾರವುಳ್ಳ ಅಕ್ಷರಕ್ಕೆ ಸ್ವರವಿದ್ದಾಗ ಮೊದಲು ಅನುಸ್ವಾರವನ್ನೂ ಅನಂತರ ಸ್ವರಚಿಹ್ನೆಯನ್ನೂ ಇಡುವುದು ಅಕ್ಷರ ಜೋಡಿಸುವ ತಂತ್ರಾಂಶಗಳು ನಿರೀಕ್ಷಿಸುವ ಕ್ರಮ. ಇದು ತಲೆಕೆಳಗಾದರೆ ಅನುಸ್ವಾರಕ್ಕೆ ಆಧಾರ ಸಿಗದೆ, ಅದರ ಹಿಂದೆ ಚುಕ್ಕೆಗಳಿಂದಾದ ಒಂದು ಖಾಲಿ ವೃತ್ತ (◌) ಪರದೆಯ ಮೇಲೆ ಮೂಡುತ್ತದೆ. ಕ್ರಮ ಸರಿಯಾಗಿದ್ದರೂ ಕನ್ನಡದ ಅನುಸ್ವಾರವು ಅಕ್ಷರದ ಬಲಕ್ಕೆ ಪ್ರತ್ಯೇಕವಾಗಿ ನಿಲ್ಲುವ ಸೊನ್ನೆಯಾದುದರಿಂದ, ಲಂಬಗೆರೆಯು ಆ ಸೊನ್ನೆಯ ಮೇಲೆ ಹೋಗುವುದುಂಟು. ‘ತ್ರ್ಯಂಬಕ’ದ ಮೊದಲಕ್ಷರ ಇದಕ್ಕೆ ನಿದರ್ಶನ. ಅಲ್ಲಿ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದು ಅಕ್ಷರಶೈಲಿಯ ರಚನೆಯನ್ನೇ ಅವಲಂಬಿಸಿದೆ.

ಇನ್ನು ಕೆಲವು ದೋಷಗಳು ಹಳೆಯ ಬೆರಳಚ್ಚಿನ ಅಭ್ಯಾಸದಿಂದ ಬಂದವು. ವಿಸರ್ಗದ ಬದಲು ವಿವರಣ ಚಿಹ್ನೆಯ ಎರಡು ಚುಕ್ಕೆ, ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ, ಅವಗ್ರಹದ ಬದಲು ರೋಮನ್ ಲಿಪಿಯ `S` ಇವು ಕಾಗದದ ಮೇಲೆ ಹೇಗೋ ಸಾಗುತ್ತಿದ್ದವು. ಪರದೆಯ ಮೇಲೆ ಇವು ಬೇರೆ ಅಕ್ಷರಶೈಲಿಯಿಂದ ಬಂದು ಗಾತ್ರದಲ್ಲಿ ಹೊಂದದೆ, ಸಾಲಿನ ಅಂಚಿನಲ್ಲಿ ಅಕ್ಷರದಿಂದ ಬೇರ್ಪಟ್ಟು ಮುಂದಿನ ಸಾಲಿಗೆ ಜಾರುವುದೂ ಉಂಟು. ಅವಗ್ರಹಕ್ಕೆ ಕನ್ನಡದಲ್ಲಿಯೇ `U+0CBD` ಎಂಬ ಸ್ಥಾನವಿದೆ.

ಅಕ್ಷರಶೈಲಿಯ ಆಯ್ಕೆ

ಸಂಕೇತಗಳು ಶುದ್ಧವಾದ ಮೇಲೆ ಅಕ್ಷರಶೈಲಿಯಲ್ಲಿ ಮೂರು ಗುಣಗಳನ್ನು ನೋಡಬೇಕಾಗುತ್ತದೆ. ಮೊದಲನೆಯದು, ಸ್ವರಚಿಹ್ನೆಗಳು ಅದೇ ಅಕ್ಷರಶೈಲಿಯಲ್ಲಿ ಇರಬೇಕು. ಇಲ್ಲದಿದ್ದರೆ ಫೋನು ಆ ಚಿಹ್ನೆಯನ್ನು ಮತ್ತೊಂದು ಅಕ್ಷರಶೈಲಿಯಿಂದ, ಬಹುಮಟ್ಟಿಗೆ ದೇವನಾಗರಿಯದರಿಂದ, ಎರವಲು ತರುತ್ತದೆ. ಎರವಲು ಚಿಹ್ನೆಗೆ ಕನ್ನಡ ಅಕ್ಷರದ ಅಗಲವೂ ಎತ್ತರವೂ ತಿಳಿದಿರುವುದಿಲ್ಲ. ಗೆರೆ ಬಲಕ್ಕೆ ಸರಿದಿದ್ದರೆ, ಅಕ್ಷರಕ್ಕಿಂತ ಗೆರೆಯೇ ದಪ್ಪ ಅಥವಾ ತೆಳುವಾಗಿದ್ದರೆ, ಇಲ್ಲವೇ ಖಾಲಿ ವೃತ್ತ ಕಾಣಿಸಿಕೊಂಡರೆ ಇಂತಹ ಎರವಲು ನಡೆದಿದೆ ಎಂದು ಶಂಕಿಸಬಹುದು.

ಎರಡನೆಯದು, ಅಕ್ಷರದ ಒಳಜಾಗಗಳು ತೆರೆದಿರಬೇಕು. ದಕಾರ ಧಕಾರ, ಬಕಾರ ಭಕಾರ, ಡಕಾರ ಢಕಾರಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳುಗೆರೆ. ಶೀರ್ಷಿಕೆಗಳಿಗೆಂದು ರೂಪಿಸಿದ ದಪ್ಪ ಶೈಲಿಗಳಲ್ಲಿ, ಉದಾಹರಣೆಗೆ ಬಲೂ ತಮ್ಮದ ದಪ್ಪ ಆವೃತ್ತಿಯಲ್ಲಿ, ದೊಡ್ಡ ಗಾತ್ರದಲ್ಲಿ ಸೊಗಸಾಗಿ ಕಾಣುವ ಗೆರೆಗಳು ಚಿಕ್ಕ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಕ್ಷರಶೈಲಿಯಲ್ಲಿ ದಪ್ಪ ಆವೃತ್ತಿಯೇ ಇಲ್ಲದಿದ್ದಾಗ ತಂತ್ರಾಂಶವು ಗೆರೆಗಳನ್ನು ಕೃತಕವಾಗಿ ಉಬ್ಬಿಸಿ ದಪ್ಪವಾಗಿಸುವುದು ಇನ್ನೂ ಹಾನಿಕರ. ಮಂತ್ರಕ್ಕೆ ಸಾಧಾರಣ ತೂಕದ ಅಕ್ಷರವೇ ಸಾಕು. ಎದ್ದು ಕಾಣಬೇಕಾದರೆ ಗಾತ್ರವನ್ನು ಹೆಚ್ಚಿಸಬೇಕೇ ಹೊರತು ದಪ್ಪವನ್ನಲ್ಲ.

ಮೂರನೆಯದು, ಗೆರೆಯ ದಪ್ಪದಲ್ಲಿ ಏರಿಳಿತ ಕಡಿಮೆ ಇರಬೇಕು. ಅಚ್ಚಿನ ಪರಂಪರೆಯನ್ನು ಅನುಸರಿಸುವ ಟಿರೋ ಕನ್ನಡ, ನೋಟೋ ಸೆರಿಫ್ ಕನ್ನಡ ಮೊದಲಾದ ಶೈಲಿಗಳಲ್ಲಿ ತೋರ ಮತ್ತು ತೆಳು ಗೆರೆಗಳ ಅಂತರವೇ ಸೌಂದರ್ಯ. ದೊಡ್ಡ ಪರದೆಯಲ್ಲಿ, ಗ್ರಂಥಸಂಪಾದನೆಯ ಕಾರ್ಯದಲ್ಲಿ ಅವು ಸಮರ್ಪಕ. ಕಿರುಪರದೆಯಲ್ಲಿ, ಅದರಲ್ಲಿಯೂ ಬಿಸಿಲಿನಲ್ಲಿ, ತೆಳು ಗೆರೆ ಮೊದಲು ಮಾಯವಾಗುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡಗಳಂತಹ ಹೆಚ್ಚುಕಡಿಮೆ ಸಮದಪ್ಪದ ಶೈಲಿಗಳು ಇಲ್ಲಿ ಹೆಚ್ಚು ಸುರಕ್ಷಿತ.

ನೋಟೋ ಶೈಲಿಯ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡಕ್ಕೆ ಎರಡು ಬಗೆಯ ಅಳತೆಗಳು ಬಹುಕಾಲ ಬಳಕೆಯಲ್ಲಿದ್ದವು. ಒಂದು ಪೂರ್ಣ ಎತ್ತರದ್ದು; ಮತ್ತೊಂದು ರೋಮನ್ ಅಕ್ಷರಗಳ ಸಾಲಿನ ಎತ್ತರದೊಳಗೆ ಕನ್ನಡವನ್ನು ಹಿಡಿಸಲೆಂದು ಮೇಲಿನ ಮತ್ತು ಕೆಳಗಿನ ಅಂತಸ್ತುಗಳನ್ನು ಅದುಮಿ ಕುಗ್ಗಿಸಿದ್ದು. ಗುಂಡಿಗಳ ಮೇಲಿನ ಹೆಸರುಗಳಿಗೆ ಕುಗ್ಗಿಸಿದ ರೂಪ ಸಾಲುತ್ತಿತ್ತು. ಒತ್ತಿನ ಮೇಲೆ ಸ್ವರವೂ ಬರುವ ಮಂತ್ರಕ್ಕೆ ಅದು ತಕ್ಕುದಲ್ಲ. `elegantTextHeight` ಎಂಬ ಗುಣವನ್ನು ಸೂಚಿಸಿದರೆ ಪೂರ್ಣ ಎತ್ತರದ ರೂಪ ದೊರೆಯುತ್ತದೆ. 2024ರ ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟು ಸಿದ್ಧಪಡಿಸಿದ ಆ್ಯಪ್‌ಗಳಲ್ಲಿ ಇದೇ ಸಹಜ ಸ್ಥಿತಿಯಾಗಿದೆ. ಹಳೆಯ ಫೋನುಗಳನ್ನು ಬಳಸುವವರೇ ಓದುಗರಲ್ಲಿ ಬಹುಮಂದಿ ಇರಬಹುದಾದುದರಿಂದ ಈ ಗುಣವನ್ನು ಸ್ಪಷ್ಟವಾಗಿ ಸೂಚಿಸುವುದು ಮತ್ತು ಅಕ್ಷರಶೈಲಿಯನ್ನು ಆ್ಯಪ್‌ನೊಳಗೆ ಸೇರಿಸಿಯೇ ಕೊಡುವುದು ಒಳ್ಳೆಯದು.

ಗಾತ್ರದ ಲೆಕ್ಕ

ಮುದ್ರಣದಲ್ಲಿ ಪಾಯಿಂಟುಗಳಲ್ಲಿ ಯೋಚಿಸಿ ಅಭ್ಯಾಸವಾದವರಿಗೆ ಪರದೆಯ ಗಾತ್ರ ಸುಲಭವಾಗಿ ಅಂದಾಜಿಗೆ ಸಿಗುವುದಿಲ್ಲ. ಅದನ್ನು ಹೀಗೆ ಲೆಕ್ಕ ಹಾಕಬಹುದು. ಫೋನಿನ ಪರದೆಯ ಅಗಲ 68 ಮಿಲಿಮೀಟರ್ ಎಂದೂ, ತಂತ್ರಾಂಶದ ದೃಷ್ಟಿಯಲ್ಲಿ ಆ ಅಗಲ 360 ಪಿಕ್ಸೆಲ್ ಎಂದೂ ಇಟ್ಟುಕೊಂಡರೆ ಒಂದು ಪಿಕ್ಸೆಲ್ ಸುಮಾರು 0.19 ಮಿಲಿಮೀಟರ್ ಆಗುತ್ತದೆ. ಇದು ಯಂತ್ರದ ನಿಜವಾದ ಬೆಳಕಿನ ಬಿಂದುವಲ್ಲ, ತಂತ್ರಾಂಶವು ಅಳತೆಗೆ ಬಳಸುವ ಘಟಕ. ಜಾಲಪುಟಗಳಲ್ಲಿ ಸಾಮಾನ್ಯವಾದ 16 ಪಿಕ್ಸೆಲ್ ಗಾತ್ರ ಹೀಗೆ ಸುಮಾರು 3 ಮಿಲಿಮೀಟರ್, ಅಂದರೆ ಮುದ್ರಣದ ಎಂಟೂವರೆ ಪಾಯಿಂಟಿಗೆ ಸಮ. ಕನ್ನಡ ಸ್ತೋತ್ರಪುಸ್ತಿಕೆಯನ್ನು ಎಂಟೂವರೆ ಪಾಯಿಂಟಿನಲ್ಲಿ ಅಚ್ಚುಹಾಕಲು ಯಾವ ಮುದ್ರಕನೂ ಒಪ್ಪಲಾರ. 14 ಪಾಯಿಂಟಿಗೆ ಸಮವಾಗಬೇಕಾದರೆ ಸುಮಾರು 26 ಪಿಕ್ಸೆಲ್ ಬೇಕು.

ಕನಿಷ್ಠ ಮಿತಿಯನ್ನು ಕಣ್ಣಿನ ಶಕ್ತಿಯಿಂದಲೂ ಕಂಡುಕೊಳ್ಳಬಹುದು. ಆರೋಗ್ಯವಂತ ಕಣ್ಣು ಒಂದು ಕೋನಮಿನಿಟಿನಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲುದು ಎಂಬುದು ದೃಷ್ಟಿಪರೀಕ್ಷೆಯ ಫಲಕಗಳ ಆಧಾರ. 40 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.12 ಮಿಲಿಮೀಟರ್. ವೈದ್ಯರು 6/12 ಎಂದು ಬರೆಯುವ ಮಟ್ಟಿಗೆ ಮಂದವಾದ ಕಣ್ಣಿಗೆ ಇದರ ಎರಡರಷ್ಟು, ಅಂದರೆ ಸುಮಾರು 0.23 ಮಿಲಿಮೀಟರ್ ಬೇಕು. ಧಕಾರದ ಸೀಳುಗೆರೆಯ ಪಕ್ಕದ ಬಿಡುವು ಅಕ್ಷರಗಾತ್ರದ ಹದಿನೈದರಲ್ಲಿ ಒಂದು ಭಾಗವೆಂದು ಇಟ್ಟುಕೊಂಡರೆ, 16 ಪಿಕ್ಸೆಲ್ ಗಾತ್ರದಲ್ಲಿ ಆ ಬಿಡುವು 0.20 ಮಿಲಿಮೀಟರ್, 24 ಪಿಕ್ಸೆಲ್ ಗಾತ್ರದಲ್ಲಿ 0.30 ಮಿಲಿಮೀಟರ್. ಮೊದಲನೆಯದು ಮಂದದೃಷ್ಟಿಯ ಮಿತಿಗಿಂತ ಕೆಳಗೆ, ಎರಡನೆಯದು ಮೇಲೆ. ವಯಸ್ಸಾದ ಪಠಣಕಾರರು ‘ಅಕ್ಷರ ಕಾಣುತ್ತದೆ, ಆದರೆ ಯಾವುದೆಂದು ತಿಳಿಯುವುದಿಲ್ಲ’ ಎನ್ನುವುದರ ಕಾರಣ ಇದೇ. ಆದ್ದರಿಂದ ಸಸ್ವರ ಮಂತ್ರಕ್ಕೆ 24 ಪಿಕ್ಸೆಲ್ ಕನಿಷ್ಠ ಗಾತ್ರವೆಂದು ಹಿಡಿಯುವುದು ಸಮಂಜಸ.

ಗಾತ್ರ ಹೆಚ್ಚಿದರೆ ಸಾಲು ಕಿರಿದಾಗುತ್ತದೆ. ಎರಡು ಅಂಚುಗಳಿಗೆ 16 ಪಿಕ್ಸೆಲ್‌ಗಳಂತೆ ಬಿಟ್ಟರೆ ಉಳಿಯುವ 328 ಪಿಕ್ಸೆಲ್ ಅಗಲದಲ್ಲಿ 24 ಪಿಕ್ಸೆಲ್ ಗಾತ್ರದ ಹದಿಮೂರು ಚೌಕಗಳಿಗೆ ಸ್ವಲ್ಪ ಹೆಚ್ಚು ಜಾಗವಿರುತ್ತದೆ. ಅನುಷ್ಟುಪ್ ಛಂದಸ್ಸಿನ ಎಂಟಕ್ಷರದ ಒಂದು ಪಾದ ಇದರಲ್ಲಿ ಆರಾಮವಾಗಿ ಹಿಡಿಯುತ್ತದೆ; ಹದಿನಾರಕ್ಷರದ ಅರ್ಧ ಹಿಡಿಯುವ ಭರವಸೆ ಇಲ್ಲ. ಪಾದಕ್ಕೊಂದು ಸಾಲು ಎಂಬ ವಿನ್ಯಾಸವೇ ಇಲ್ಲಿ ಸಹಜ. ಉಸಿರಿನ ನಿಲುಗಡೆಯೂ ಕಣ್ಣಿನ ನಿಲುಗಡೆಯೂ ಆಗ ಒಂದಾಗುತ್ತವೆ.

ಆದರೆ ಈ ಮಂತ್ರದಲ್ಲಿ ಒಂದು ಸೂಕ್ಷ್ಮವಿದೆ. ಮೂರನೆಯ ಪಾದದ ಕೊನೆಯ ‘ಬಂಧನಾತ್’ ಮತ್ತು ನಾಲ್ಕನೆಯ ಪಾದದ ಆದಿಯ ‘ಮೃತ್ಯೋಃ’ ಸಂಹಿತಾಪಾಠದಲ್ಲಿ ಕೂಡಿಕೊಂಡು ‘ನ್ಮೃ’ ಎಂಬ ಒಂದೇ ಅಕ್ಷರವಾಗುತ್ತವೆ. ನಕಾರ, ಅದರ ಕೆಳಗೆ ಮಕಾರದ ಒತ್ತು, ಜೊತೆಗೆ ವಟ್ರುಸುಳಿ, ಅದರ ಮೇಲೆ ಅನುದಾತ್ತದ ಗೆರೆ. ಇಡೀ ಮಂತ್ರದಲ್ಲಿ ಅತ್ಯಂತ ದಟ್ಟವಾದ ಅಕ್ಷರ ಇದೇ. ಪಾದಕ್ಕೊಂದು ಸಾಲು ಮಾಡಬೇಕಾದರೆ ಇದನ್ನು ಒಡೆದು ಹಲಂತ ನಕಾರವನ್ನು ಮೇಲಿನ ಸಾಲಿನಲ್ಲಿಯೂ ‘ಮೃ॒’ವನ್ನು ಕೆಳಗಿನ ಸಾಲಿನಲ್ಲಿಯೂ ಇಡಬೇಕಾಗುತ್ತದೆ. ಇಲ್ಲಿ ಸಂಧಿಯಿಂದ ತಕಾರವು ನಕಾರವಾಗಿದೆ; ಆ ನಕಾರವನ್ನೇ ಉಳಿಸಿಕೊಂಡು ಒಡೆದರೆ ಉಚ್ಚಾರ ಕೆಡುವುದಿಲ್ಲ, ಅನುದಾತ್ತವೂ ಮಕಾರಕ್ಕೆ ಸರಿಯಾಗಿ ಸಲ್ಲುತ್ತದೆ. ಎರಡು ವರ್ಣಗಳು ಕೂಡಿ ಒಂದೇ ಆಗುವ ಸಂಧಿಗಳಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಅರ್ಧವನ್ನು ಒಂದೇ ಘಟಕವಾಗಿ ಉಳಿಸಿ, ಸಾಲು ಮುರಿಯುವ ಸ್ಥಾನವನ್ನು ಸಂಪಾದಕನೇ ಆರಿಸಬೇಕು. ದೀರ್ಘ ಸಮಾಸಗಳಲ್ಲಿ ಪದಗಳ ನಡುವೆ `U+200B` ಎಂಬ ಅಗಲವಿಲ್ಲದ ತೆರಪನ್ನು ಇರಿಸಿದರೆ ಸಾಲು ಅಲ್ಲಿಯೇ ಮುರಿಯುತ್ತದೆ. ಹಾಗೆ ಮಾಡದೆ ತಂತ್ರಾಂಶಕ್ಕೇ ಬಿಟ್ಟರೆ ಪದ ಪರದೆಯ ಹೊರಗೆ ಚಾಚಬಹುದು, ಇಲ್ಲವೇ ಅಕ್ಷರಗಳ ನಡುವೆ ಎಲ್ಲಿ ಬೇಕಾದರೂ ತುಂಡಾಗಬಹುದು.

ಸಾಲುಗಳ ಅಂತರ ಗಾತ್ರದಷ್ಟೇ ನಿರ್ಣಾಯಕ. ಸ್ವರರಹಿತ ಕನ್ನಡಕ್ಕೆ ಅಕ್ಷರಗಾತ್ರದ ಒಂದೂವರೆಯಷ್ಟು ಅಂತರ ಸಾಕಾಗುವುದಾದರೂ, ಸಸ್ವರ ಪಠ್ಯದಲ್ಲಿ ಮೇಲಿನ ಸಾಲಿನ ಅನುದಾತ್ತವೂ ಕೆಳಗಿನ ಸಾಲಿನ ಸ್ವರಿತವೂ ಪರಸ್ಪರ ತಾಗದಿರಲು ಎರಡರಷ್ಟು ಅಂತರ ಬೇಕಾಗುತ್ತದೆ. 24 ಪಿಕ್ಸೆಲ್ ಗಾತ್ರಕ್ಕೆ 48 ಪಿಕ್ಸೆಲ್ ಸಾಲಿನಂತೆ ನಾಲ್ಕು ಪಾದಗಳಿಗೆ 192 ಪಿಕ್ಸೆಲ್ ಎತ್ತರ. ಸಾಮಾನ್ಯ ಫೋನಿನಲ್ಲಿ ಪರದೆಯನ್ನು ಸರಿಸದೆಯೇ ಇಡೀ ಮಂತ್ರ ಕಾಣುತ್ತದೆ.

ವರ್ಣಗಳು

ಬಣ್ಣಗಳ ಆಯ್ಕೆಯಲ್ಲಿ ಭಕ್ತಿಯ ಸಂಪ್ರದಾಯವೂ ಓದಿನ ಅಗತ್ಯವೂ ಎದುರುಬದುರಾಗುವುದುಂಟು. ಕೇಸರಿ ಹಿನ್ನೆಲೆ, ಕೆಂಪು ಅಕ್ಷರ, ನಡುವೆ ದೇವತೆಯ ಚಿತ್ರ ಎಂಬುದು ಪರಿಚಿತ ವಿನ್ಯಾಸ. ಜಾಲಪುಟಗಳ ಸುಗಮ್ಯತೆಗಾಗಿ ರೂಪುಗೊಂಡ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಅಕ್ಷರ ಮತ್ತು ಹಿನ್ನೆಲೆಗಳ ಬೆಳಕಿನ ಅನುಪಾತವನ್ನು 1ರಿಂದ 21ರ ವರೆಗೆ ಅಳೆಯುತ್ತದೆ. ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5, ಉತ್ತಮ ಮಟ್ಟಕ್ಕೆ 7 ಬೇಕೆಂಬುದು ಅದರ ನಿಯಮ. ಈ ಲೆಕ್ಕದಂತೆ ಕೇಸರಿಯ (`#FF9933`) ಮೇಲೆ ಅಚ್ಚಕೆಂಪು (`#FF0000`) ಅಕ್ಷರದ ಅನುಪಾತ 1.9 ಮಾತ್ರ. ಬಿಳಿಯ ಮೇಲೆ ಕೇಸರಿ ಅಕ್ಷರಕ್ಕೆ 2.1, ಬಿಳಿಯ ಮೇಲೆ ಅಚ್ಚಕೆಂಪಿಗೂ 4.0 ಅಷ್ಟೆ. ಕೆಂಪು ಮತ್ತು ಕೇಸರಿಗಳ ಭೇದ ಕಣ್ಣಿಗೆ ಬಣ್ಣವಾಗಿ ತೋರಿದರೂ ಬೆಳಕಾಗಿ ತೋರುವುದಿಲ್ಲ. ತೆಳುಗೆರೆಯನ್ನು ಕಣ್ಣು ಗುರುತಿಸುವುದು ಮುಖ್ಯವಾಗಿ ಬೆಳಕಿನ ಭೇದದಿಂದ.

ಸಂಪ್ರದಾಯದ ಛಾಯೆಯನ್ನು ಬಿಡದೆಯೇ ಇದನ್ನು ಸರಿಪಡಿಸಬಹುದು. ತಾಳೆಗರಿಯನ್ನೋ ಹಳೆಯ ಕಾಗದವನ್ನೋ ನೆನಪಿಸುವ ಕೆನೆಬಣ್ಣದ (`#FFF8E1`) ಮೇಲೆ ಕಡುಗೆಂಪು (`#800000`) ಅಕ್ಷರವಿಟ್ಟರೆ ಅನುಪಾತ 10ನ್ನು ಮೀರುತ್ತದೆ. ಅದೇ ಹಿನ್ನೆಲೆಯ ಮೇಲೆ ಕಪ್ಪಿಗೆ ಹತ್ತಿರದ `#1A1A1A` ಬಳಸಿದರೆ 16ನ್ನು ಮೀರುತ್ತದೆ. ನಸುಕಿನಲ್ಲಿಯೋ ದೀಪದ ಮಂದಬೆಳಕಿನಲ್ಲಿಯೋ ಪಠಿಸುವವರಿಗೆ ಕಪ್ಪು ಹಿನ್ನೆಲೆ ಹಿತವಾಗಿರಬಹುದು. ಆಗ ಅಚ್ಚಬಿಳಿ ಅಕ್ಷರ ಕಣ್ಣಿಗೆ ಹರಡಿದಂತೆ ಕಂಡು ಸೀಳುಗೆರೆಗಳನ್ನು ಮುಚ್ಚುವುದರಿಂದ, `#121212` ಹಿನ್ನೆಲೆಯ ಮೇಲೆ ಮಾಸಲು ಕೆನೆಯ `#E8E0D0` ಅಕ್ಷರ ಉತ್ತಮ. ಅದರ ಅನುಪಾತ ಸುಮಾರು 14. ಅಕ್ಷರದ ಹಿಂದೆ ಚಿತ್ರವಿಡುವುದು ಮಾತ್ರ ಯಾವ ಲೆಕ್ಕಕ್ಕೂ ಒಗ್ಗದು. ಚಿತ್ರದ ಪ್ರತಿಯೊಂದು ಭಾಗದಲ್ಲಿಯೂ ಅನುಪಾತ ಬೇರೆಯಾಗುತ್ತದೆ. ಚಿತ್ರವನ್ನು ಮಂತ್ರದ ಮೇಲ್ಗಡೆ ಪ್ರತ್ಯೇಕವಾಗಿ ಇರಿಸುವುದೇ ಪರಿಹಾರ.

ಸ್ವರಚಿಹ್ನೆಗಳನ್ನು ಕೆಂಪಿನಲ್ಲಿ ಬರೆಯುವ ಪದ್ಧತಿ ವೇದದ ಹಸ್ತಪ್ರತಿಗಳಲ್ಲಿ ಕಂಡುಬರುತ್ತದೆ. ಪರದೆಯಲ್ಲಿ ಅದನ್ನು ಅನುಸರಿಸಲು ಎರಡು ಅಡ್ಡಿಗಳಿವೆ. ಚಿಹ್ನೆಗೆ ಪ್ರತ್ಯೇಕ ಬಣ್ಣ ಕೊಡಬೇಕಾದರೆ ಅದನ್ನು ಅಕ್ಷರದಿಂದ ಬೇರ್ಪಡಿಸಿ ಗುರುತುಹಾಕಬೇಕು. ಹಾಗೆ ಬೇರ್ಪಡಿಸಿದೊಡನೆ ಚಿಹ್ನೆಯನ್ನು ಅಕ್ಷರಕ್ಕೆ ಹೊಂದಿಸುವ ಜೋಡಣೆ ಕಡಿದು, ಗೆರೆ ಸ್ಥಾನ ತಪ್ಪುವ ಅಥವಾ ಖಾಲಿ ವೃತ್ತ ಮೂಡುವ ಸಂಭವವಿದೆ. ಎರಡನೆಯದಾಗಿ, ಬಹಳಷ್ಟು ಓಲೆಡ್ ಪರದೆಗಳಲ್ಲಿ ಹಸಿರಿಗಿಂತ ಕೆಂಪಿನ ಮತ್ತು ನೀಲಿಯ ಬಿಂದುಗಳ ಸಂಖ್ಯೆ ಅರ್ಧದಷ್ಟಿರುವುದರಿಂದ ತೆಳುವಾದ ಕೆಂಪುಗೆರೆ ಕಪ್ಪುಗೆರೆಯಷ್ಟು ನಯವಾಗಿ ಮೂಡುವುದಿಲ್ಲ. ಅಕ್ಷರ ಮತ್ತು ಸ್ವರಗಳೆರಡಕ್ಕೂ ಒಂದೇ ಬಣ್ಣವಿಡುವುದು ಕಿರುಪರದೆಯ ಮಟ್ಟಿಗೆ ಕ್ಷೇಮ.

ಇದುವರೆಗಿನ ವಿವೇಚನೆಯನ್ನು ಜಾಲಪುಟದ ಶೈಲಿಸೂಚನೆಯಾಗಿ ಹೀಗೆ ಬರೆಯಬಹುದು:

```
.mantra {
  font-family: "Noto Sans Kannada", sans-serif;
  font-size: 1.5rem;
  font-weight: 400;
  line-height: 2;
  letter-spacing: 0;
  color: #1A1A1A;
  background: #FFF8E1;
  padding: 16px;
}
```

ಇಲ್ಲಿ ಗಾತ್ರವನ್ನು `rem` ಘಟಕದಲ್ಲಿ ಕೊಟ್ಟಿರುವುದಕ್ಕೆ ಕಾರಣವಿದೆ. 16 ಪಿಕ್ಸೆಲ್ ಮೂಲಗಾತ್ರಕ್ಕೆ ಇದು 24 ಆಗುತ್ತದೆ. ಓದುಗನು ಬ್ರೌಸರಿನ ಮೂಲಗಾತ್ರವನ್ನು ಹೆಚ್ಚಿಸಿಕೊಂಡಿದ್ದರೆ ಮಂತ್ರವೂ ತಾನಾಗಿ ದೊಡ್ಡದಾಗುತ್ತದೆ. ಸಾಲಿನ ಅಂತರಕ್ಕೆ ಘಟಕವಿಲ್ಲದ ಬರಿಯ ಸಂಖ್ಯೆ ಇರುವುದರಿಂದ ಅದೂ ಜೊತೆಯಲ್ಲಿಯೇ ಬೆಳೆಯುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಾಗಿಯೇ ಇಡಬೇಕು. ಅದನ್ನು ಹಿಗ್ಗಿಸಿದರೆ ಅರ್ಕಾವೊತ್ತು ಮತ್ತು ವಟ್ರುಸುಳಿಗಳು ತಮ್ಮ ಅಕ್ಷರದಿಂದ ದೂರ ಸರಿಯಬಹುದು. ಅಂಚಿನ ಬಿಡುವು ಇಲ್ಲದಿದ್ದರೆ ಮೊದಲ ಸಾಲಿನ ಸ್ವರಿತಗಳ ತಲೆ ಕತ್ತರಿಸಿ ಹೋಗುವುದುಂಟು.

ಪರೀಕ್ಷೆಯ ಕ್ರಮ ಮತ್ತು ಮಿತಿಗಳು

ಆಯ್ಕೆ ಸರಿಯೇ ಎಂಬುದನ್ನು ಪರೀಕ್ಷಿಸುವಾಗ ಎಲ್ಲರಿಗೂ ಕಂಠಸ್ಥವಾದ ಮಂತ್ರವನ್ನು ಓದಿಸುವುದು ವ್ಯರ್ಥ. ಕಣ್ಣು ಕಾಣದಿದ್ದನ್ನು ನೆನಪು ತುಂಬಿಕೊಡುತ್ತದೆ. ಓದುಗನಿಗೆ ಪರಿಚಯವಿಲ್ಲದ ಮಂತ್ರವನ್ನು, ಅಥವಾ ಅಕ್ಷರಗಳನ್ನು ಬಿಡಿಬಿಡಿಯಾಗಿ ಕಲಸಿದ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ, ತಪ್ಪುಗಳನ್ನು ಗುರುತುಹಾಕಿಕೊಳ್ಳಬೇಕು. ಆ ಪಟ್ಟಿಯಲ್ಲಿ ದ ಧ, ಬ ಭ, ಡ ಢ ಜೋಡಿಗಳೂ, ‘ಷ್ಟಿ॒’, ‘ರ್ಧ॑’, ‘ರ್ವಾ॒’, ‘ನ್ಮೃ॒’ಗಳಂತಹ ಸಸ್ವರ ಗುಚ್ಛಗಳೂ, ‘ಕಾರ್ತ್ಸ್ನ್ಯ’ದಂತಹ ಬಹುವ್ಯಂಜನದ ಸಂಯುಕ್ತಾಕ್ಷರವೂ ಇರಬೇಕು. ಒಂದು ಹೊಸ ಮತ್ತು ಒಂದು ಹಳೆಯ ಫೋನಿನಲ್ಲಿ, ನೆರಳಿನಲ್ಲಿ ಮತ್ತು ಬಿಸಿಲಿನಲ್ಲಿ ನೋಡಿದರೆ ದೋಷಗಳ ಬಹುಭಾಗ ಹೊರಬೀಳುತ್ತದೆ. ತಪ್ಪುಗಳು ಮಹಾಪ್ರಾಣಗಳಲ್ಲಿಯೇ ಹೆಚ್ಚಾಗಿದ್ದರೆ ಗಾತ್ರವನ್ನೋ ತೂಕವನ್ನೋ ಬದಲಿಸಬೇಕು. ಸ್ವರಗಳಲ್ಲಿ ಹೆಚ್ಚಾಗಿದ್ದರೆ ಅಕ್ಷರಶೈಲಿಯನ್ನು. ಬಿಸಿಲಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಬಣ್ಣವನ್ನು.

ಇಷ್ಟೆಲ್ಲ ಮಾಡಿದರೂ ಓದುಗನ ಫೋನಿನಲ್ಲಿ ಯಾವ ಅಕ್ಷರಶೈಲಿ ಮೇಲುಗೈ ಪಡೆಯುತ್ತದೆ ಎಂಬುದು ಸಂಪೂರ್ಣವಾಗಿ ಸಂಪಾದಕನ ಕೈಯಲ್ಲಿರುವುದಿಲ್ಲ. ಸಂದೇಶವಾಗಿ ಕಳುಹಿಸಿದ ಪಠ್ಯ ಪಡೆದವನ ಫೋನಿನ ಶೈಲಿಯಲ್ಲಿಯೇ ಕಾಣುತ್ತದೆ. ಈ ಕಾರಣದಿಂದ ಮಂತ್ರವನ್ನು ಚಿತ್ರವಾಗಿ ಹಂಚುವ ರೂಢಿ ಬೆಳೆದಿದೆ. ಚಿತ್ರದಲ್ಲಿ ಸ್ವರದ ಸ್ಥಾನ ಕದಲುವುದಿಲ್ಲವೆಂಬುದು ನಿಜ. ಆದರೆ ಸಂದೇಶದ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುವಾಗ ಮೊದಲು ಮಸುಕಾಗುವುದು ಅದೇ ಸೀಳುಗೆರೆಗಳು. ಒಬ್ಬರಿಂದೊಬ್ಬರಿಗೆ ಹಾಯುತ್ತ ಹೋದಂತೆ ಧಕಾರ ದಕಾರವಾಗುತ್ತದೆ. ಅದನ್ನು ಹುಡುಕಲಾಗದು, ತಿದ್ದಲಾಗದು, ದೃಷ್ಟಿಹೀನರಿಗೆ ಓದಿ ಹೇಳುವ ತಂತ್ರಾಂಶಕ್ಕೆ ನೇರವಾಗಿ ಒದಗಿಸಲಾಗದು. ಗ್ರಂಥಾಲಯಗಳು ಮತ್ತು ಪಾಠಸಂಗ್ರಹದ ಸಂಸ್ಥೆಗಳು ಶುದ್ಧವಾದ ಯೂನಿಕೋಡ್ ಪಠ್ಯವನ್ನೇ ಮೂಲವಾಗಿ ಕಾಪಿಟ್ಟು, ಹಂಚಿಕೆಗೆ ಬೇಕಾದಾಗ ಅದರಿಂದ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಪ್ರತಿಯನ್ನು, ಫೋನಿನ ಅಗಲಕ್ಕೆ ತಕ್ಕ ಪುಟದ ಅಳತೆಯಲ್ಲಿ ಸಿದ್ಧಪಡಿಸುವುದು ಎರಡೂ ಅಗತ್ಯಗಳನ್ನು ಪೂರೈಸುವ ಮಾರ್ಗವಾಗಿದೆ. ಹೊಸ ಅಕ್ಷರಶೈಲಿಗಳು ಬಂದಾಗ ಮೂಲಪಠ್ಯವನ್ನು ಮುಟ್ಟದೆಯೇ ಹಂಚಿಕೆಯ ಪ್ರತಿಯನ್ನು ಹೊಸದಾಗಿ ತೆಗೆಯಲು ಆಗ ಸಾಧ್ಯವಾಗುತ್ತದೆ.